ಸುಮಾ, ಅಜ್ಜಿ ಬಗ್ಗೆ

ಸುಮಾ,

ಬೆಳಿಗ್ಗೆ ನಿನ್ನ ತಮ್ಮ ಫೋನ್ ಮಾಡಿ ಅಜ್ಜಿ ಹೋದ ಸುದ್ದಿ ಹೇಳಿದ. ತಕ್ಷಣ ನಿನಗೆ ಫೋನ್ ಮಾಡಬೇಕು ಅನ್ನಿಸಿತು, ಆದರೆ ಈಗ ಮನೆ ತುಂಬಾ ಜನ ಇರುತ್ತಾರೆ, ಬಂದವರಿಗೆಲ್ಲ ಏನಾಯಿತು, ಹೇಗಾಯಿತು ಅಂತ ಹೇಳಿ ಹೇಳಿ ನಿನಗೆ ಸಾಕಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದು. ಉತ್ತರ ಬರೆಯೋದೇನೂ ಬೇಡ.

84 ವರ್ಷ ಆಗಿತ್ತು, ಮಲಗಿದವರು ಹಾಗೇ ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ. ಇವತ್ತು ಇದನ್ನೇ ಎಷ್ಟು ಜನ ಹೇಳಿದ್ದಾರೋ. ನಾನು ಹೇಳೋದಿಲ್ಲ. ಅಜ್ಜಿ 100 ವರ್ಷ ಇದ್ದಿದ್ದರೂ ನಿನಗೆ ಸಾಕು ಅನ್ನಿಸುತ್ತಿರಲಿಲ್ಲ ಅಂತ ನನಗೆ ಗೊತ್ತು. ಹಾಸ್ಟೆಲ್‌ನಲ್ಲಿ ನಿನಗೆ ಜ್ವರ ಬಂದಾಗ ನೀನು ಅಮ್ಮನನ್ನಲ್ಲ, ಅಜ್ಜಿಯನ್ನು ಕೇಳುತ್ತಿದ್ದೆ. ಅಳು ಬಂದರೆ ಅತ್ತುಬಿಡು. ದೊಡ್ಡವಳು, ಮನೆ ನೋಡಿಕೊಳ್ಳಬೇಕು ಅಂತ ತಡೆದುಕೊಳ್ಳಬೇಡ.

ನಾನು ಮೊದಲ ಸಲ ನಿಮ್ಮ ಮನೆಗೆ ಬಂದದ್ದು ಏಪ್ರಿಲ್ ರಜೆಯಲ್ಲಿ. ಅಂಗಳಕ್ಕೆ ಕಾಲಿಡೋದೇ ತಡ, ಬೆಲ್ಲ ನೀರು ಕೊಟ್ಟು, "ಆಸರಿಗೆ ಎಂತ ಬೇಕೆ ಕೂಸೆ?" ಅಂತ ಕೇಳಿದರು. ದಾವಣಗೆರೆಯವಳಾದ ನನಗೆ ಅರ್ಥವಾಗದೆ ನಿನ್ನ ಮುಖ ನೋಡಿದೆ. ಅಜ್ಜಿ ಕಾಯಲಿಲ್ಲ, ತಾವೇ ಹೋಗಿ ಮಜ್ಜಿಗೆ ಕಡೆದು ತಂದರು. ಅವತ್ತಿಂದ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ, ನಾನು ಯಾವಾಗಲೂ 'ಬಯಲುಸೀಮೆ ಕೂಸು'. ಆ ಮನೆಯಲ್ಲಿ ನಾನು ನೆಂಟಳಾಗಿ ಇದ್ದದ್ದು ಆ ಒಂದು ಲೋಟ ಮಜ್ಜಿಗೆ ಮುಗಿಯೋವರೆಗೆ ಮಾತ್ರ.

ಮರುದಿನವೇ ಕೆಲಸಕ್ಕೆ ಹಚ್ಚಿದರು ಅಲ್ವಾ! ಜಗಲಿ ಮೇಲೆ ಗೋಣಿಚೀಲ ಹಾಸಿ ಅಪ್ಪೆಮಿಡಿ ಸುರಿದಿದ್ದರು. ಒಂದೊಂದು ಮಿಡಿಯನ್ನೂ ಕೈಯಲ್ಲಿ ತಿರುಗಿಸಿ ನೋಡುವುದು, ತೊಟ್ಟು ಮುರಿದು ಸೊನೆಯ ವಾಸನೆ ನೋಡುವುದು, ಆಮೇಲೆ ಬೇರೆ ಬೇರೆ ಗುಡ್ಡೆಗೆ ಹಾಕುವುದು. ಇದು ಜೀರಿಗೆ ವಾಸನೆ, ಇದು ಕರ್ಪೂರದ್ದು ಅಂತ ನನ್ನ ಮೂಗಿಗೇ ಹಿಡಿಯುತ್ತಿದ್ದರು. ನನಗೆ ಎಲ್ಲ ಒಂದೇ ಥರ ಅನ್ನಿಸುತ್ತಿತ್ತು, ಆದರೂ ಮತ್ತೆ ಮತ್ತೆ ಮೂಸಿಸಿ ಸಂಜೆಯೊಳಗೆ ಕಲಿಸಿಯೇಬಿಟ್ಟರು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದೇ ಒಂದು ಸೇರಿದರೂ ಇಡೀ ಜಾಡಿ ಕೆಡುತ್ತದೆ ಅಂತ ಎಷ್ಟು ಕಟ್ಟುನಿಟ್ಟು! ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ಮಿಡಿ ಚಿರುಟಿದ ಮೇಲೆ ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸು ರುಬ್ಬಬೇಕು, ಬೇರೆ ನೀರು ಸೋಕಬಾರದು. ಆ ಇಡೀ ದಿನ ಅಜ್ಜಿ ಒಂದು ಸಲವೂ ಸೊಂಟ ನೋವು ಅನ್ನಲಿಲ್ಲ. ನಾವಿಬ್ಬರೂ ಮಧ್ಯಾಹ್ನಕ್ಕೇ ಗೋಡೆಗೆ ಒರಗಿದ್ದೆವು.

ಆಮೇಲೆ ಪ್ರತಿ ವರ್ಷ ನಮ್ಮ ಮನೆಗೆ ಒಂದು ಭರಣಿ ಬರುತ್ತಿತ್ತು. ನಮ್ಮ ಅಮ್ಮನಿಗೆ ವಿಷಯ ಹೇಳಿದಾಗ ಅಡುಗೆಮನೆಯಲ್ಲೇ ಕುಳಿತುಬಿಟ್ಟಳು. ಒಂದು ಸಲವೂ ಮುಖ ನೋಡಿಲ್ಲ, ಫೋನಲ್ಲೇ ಇಬ್ಬರ ಸ್ನೇಹ. ಬಿಸಿಲಿಗೆ ಹಪ್ಪಳ ಹಾಕಿದ್ದೀರಾ, ಮಳೆ ಬಂತಾ, ಅಷ್ಟೇ ಮಾತು, ಆದರೆ ಅರ್ಧ ಗಂಟೆ ಆಗುತ್ತಿತ್ತು.

ಇನ್ನೊಂದು ನೆನಪು ನಿನಗೆ ಹೇಳಲೇಬೇಕು. ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ನೀನು ಆ ಕಡೆ ಫೋಟೋ ತೆಗೆಯುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಹಿನ್ನೀರಿನ ಕಡೆ ಬೆರಳು ತೋರಿಸಿ, ನಮ್ಮ ಮನೆ ಆ ದಿಕ್ಕಿಗೆ ಇತ್ತು ಅಂದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು ಅಂತ ನಾನು ಪರೀಕ್ಷೆಗೆ ಓದಿದ್ದೆ. ಅಜ್ಜಿ ಹೇಳಿದ ಮೇಲೆ ಗೊತ್ತಾಯಿತು ಅವತ್ತು ನಿನ್ನ ದೊಡ್ಡಪ್ಪ ಅವರ ಸೊಂಟದ ಮೇಲಿನ ಕೂಸು, ಮನೆಯ ಬಾಗಿಲು, ತೊಲೆ ಎಲ್ಲ ಕಿತ್ತು ಲಾರಿಗೆ ಹೇರಿದ್ದು, ಗೋವುಗಳನ್ನು ಹೊಡೆದುಕೊಂಡು ಬಂದದ್ದು, ಫಲಕ್ಕೆ ಬಂದ ಅಡಿಕೆ ತೋಟವನ್ನು ಹಾಗೇ ನೀರಿಗೆ ಬಿಟ್ಟು ಬಂದದ್ದು. ಕರೆಂಟಿಗಾಗಿ ಮನೆ ಬಿಟ್ಟವರು ಹೊಸ ಮನೆಯಲ್ಲಿ ಎಷ್ಟೋ ವರ್ಷ ಬುಡ್ಡಿದೀಪದಲ್ಲೇ ಇದ್ದರಂತೆ. ಇಷ್ಟನ್ನೂ ಅಳದೆ ಹೇಳಿದರು. ಕೊನೆಗೆ, ಅಲ್ಲಿದ್ದ ಮಲ್ಲಿಗೆ ಗಿಡದ ಒಂದು ಗೆಲ್ಲು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ, ಈಗ ಬಾವಿಕಟ್ಟೆ ಪಕ್ಕ ಇರೋದು ಅದೇ ಅಂದರು. ಇದು ನಿನಗೆ ಗೊತ್ತಿತ್ತಾ? ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬಹುದು ಅಂದುಕೊಂಡು ನಾನು ಇಷ್ಟು ದಿನ ಹೇಳಿರಲಿಲ್ಲ.

2025ರ ಜುಲೈನಲ್ಲಿ ಸೇತುವೆ ಶುರುವಾದ ಮೇಲೆ ನೀನು ಅಜ್ಜಿಯನ್ನು ಕಾರಲ್ಲಿ ಕರೆದುಕೊಂಡು ಹೋದೆಯಲ್ಲ, ಆ ವಿಡಿಯೋ ಇವತ್ತು ಮತ್ತೆ ನೋಡಿದೆ. ಅಷ್ಟು ಉದ್ದದ ಸೇತುವೆ ನೋಡಿ ಎಲ್ಲರೂ ಬೆರಗಾಗಿದ್ದರೆ ಅಜ್ಜಿ ಕಿಟಕಿಯಿಂದ ನೀರನ್ನೇ ನೋಡುತ್ತಿದ್ದಾರೆ, ನೀನು ಹಿಂದಿನಿಂದ "ಅಜ್ಜಿ, ಎಲ್ಲಿ ತೋರಿಸು" ಅಂತ ಕೇಳುತ್ತಿದ್ದೀಯ. ಆ ದಾರಿಯಲ್ಲಿ ಅವರನ್ನು ಕರೆದುಕೊಂಡು ಹೋದವಳು ನೀನು ಸುಮಾ.

ತಮ್ಮ ಹೇಳಿದ, ಸಂಕ್ರಾಂತಿಗೆ ಬರಲಿಲ್ಲ ಅಂತ ನೀನು ಬೆಳಿಗ್ಗೆಯಿಂದ ಅದನ್ನೇ ಹೇಳಿಕೊಂಡು ಅಳುತ್ತಿದ್ದೀಯಂತೆ. ಕೇಳು. ಸಂಕ್ರಾಂತಿ ದಿನ ನಾನು ಅಜ್ಜಿಗೆ ಫೋನ್ ಮಾಡಿದ್ದೆ. ಸುಮಾ ಬಂದಿಲ್ವಾ ಅಜ್ಜಿ ಅಂದೆ. "ಅದಕ್ಕೆ ರಜೆ ಸಿಕ್ಕಿದ್ದಿಲ್ಲೆ. ದಿನಾ ಫೋನ್ ಮಾಡ್ತು" ಅಂದರು. ಆ 'ದಿನಾ' ಅನ್ನುವಾಗ ಅವರ ದನಿಯಲ್ಲಿದ್ದ ಹೆಮ್ಮೆ ನೀನು ಕೇಳಬೇಕಿತ್ತು. ಬೇಜಾರಿನ ಒಂದು ಎಳೆಯೂ ಇರಲಿಲ್ಲ. ಆಮೇಲೆ ನೀನು ಕಳಿಸಿದ ಕಾಲುಚೀಲದ ವಿಷಯ, ಬಣ್ಣ ಜಾಸ್ತಿ ಆಯಿತು ಆದರೆ ಬೆಚ್ಚಗಿದೆ ಅಂತ. ಕೊನೆ ಗಳಿಗೆಯಲ್ಲಿ ಪಕ್ಕದಲ್ಲಿ ಇಲ್ಲದ್ದು ನೋವೇ, ಇಲ್ಲ ಅನ್ನಲಾರೆ. ಆದರೆ ಅಜ್ಜಿಗೆ ನೀನು ಸಿಗಲಿಲ್ಲ ಅನ್ನೋದು ಸುಳ್ಳು. ದಿನಾ ಸಂಜೆ ಸಿಕ್ಕಿದ್ದೀಯ.

ನಾನು ಶುಕ್ರವಾರ ರಾತ್ರಿ ತಾಳಗುಪ್ಪ ರೈಲಿಗೆ ಹತ್ತುತ್ತೇನೆ, ಶನಿವಾರ ಬೆಳಿಗ್ಗೆ ಸಾಗರದಲ್ಲಿ ಇಳಿಯುತ್ತೇನೆ. ಯಾರೂ ಕರೆಯಲು ಬರೋದು ಬೇಡ, ಆಟೋ ಹಿಡಿದು ಬರುತ್ತೇನೆ, ದಾರಿ ಗೊತ್ತಿದೆ. ಆಫೀಸಿಗೆ ಹೇಳಿದ್ದೇನೆ, ಹದಿಮೂರನೇ ದಿನದ ಕಾರ್ಯ ಮುಗಿಯೋವರೆಗೂ ಇರುತ್ತೇನೆ. ಮಲಗಲು ಜಾಗದ ಯೋಚನೆ ಮಾಡಬೇಡ, ಜಗಲಿಯಲ್ಲೇ ಆಗುತ್ತದೆ. ಶಾಸ್ತ್ರದ ಅಡುಗೆ ನನಗೆ ಬರೋದಿಲ್ಲ, ಆದರೆ ತರಕಾರಿ ಹೆಚ್ಚೋದು, ಎಲೆ ಒರೆಸೋದು, ಬಂದವರಿಗೆ ಕಾಫಿ ಕೊಡೋದು, ಮಕ್ಕಳನ್ನು ನೋಡಿಕೊಳ್ಳೋದು ನನಗೆ ಬಿಡು. ಬೆಂಗಳೂರಿನಿಂದ ಏನಾದರೂ ತರಬೇಕಿದ್ದರೆ ತಮ್ಮನ ಹತ್ತಿರ ಹೇಳಿಸು, ಅಪ್ಪನ ಶುಗರ್ ಮಾತ್ರೆ ಮುಗಿದಿದ್ದರೆ ಹೆಸರು ಕಳಿಸು. ಈ ಗಡಿಬಿಡಿಯಲ್ಲಿ ಅವರು ಮಾತ್ರೆ ಮರೆಯುತ್ತಾರೆ, ಹೊತ್ತು ಮೀರಿ ಊಟ ಮಾಡುತ್ತಾರೆ, ಸ್ವಲ್ಪ ಗಮನ ಕೊಡು. ನೀನೂ ಒಂದು ತುತ್ತು ತಿನ್ನು.

ಶನಿವಾರ ಸಿಗೋಣ.

ನಿನ್ನ ರೇಖಾ