ಎರಡು ಸೂರ್ಯ ಇರುವ ಬೋರ್ಡು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ, ನವನಗರ ದಾಟಿದ ಮೇಲೆ ಎಡಗಡೆ ಒಂದು ದೊಡ್ಡ ಬೋರ್ಡು ಕಾಣುತ್ತದೆ. ಯಾವುದೋ ಹೊಸ ಲೇಔಟಿನ ಪ್ಲಾಟ್ ಮಾರುವ ಜಾಹೀರಾತು. ಮೂರು ತಿಂಗಳಿಂದ ದಿನಾ ನೋಡುತ್ತಿದ್ದೇನೆ. ಮೊನ್ನೆ ಬಸ್ಸು ಸಿಗ್ನಲ್ಲಿಗೆ ನಿಂತಾಗ ಕಿಟಕಿಯಿಂದ ಒಂದು ಫೋಟೋ ತೆಗೆದುಕೊಂಡೆ. ಎಂಟು ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡಿದವನು ನಾನು. ಇಂಥ ಬೋರ್ಡ್ ನೋಡಿದರೆ ಸುಮ್ನೆ ಇರಲು ಆಗುವುದಿಲ್ಲ.

ಫೋಟೋದಲ್ಲಿ ಏನಿದೆ ಅಂತ ಮೊದಲು ಹೇಳುತ್ತೇನೆ. ಬಿಳಿ ಗೋಡೆಯ, ಕೆಂಪು ಹೆಂಚಿನ ಮನೆ. ಮುಂದೆ ದಟ್ಟ ಹಸಿರು ಹುಲ್ಲು. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಓಡುತ್ತಿದ್ದಾರೆ. ಎಡಗಡೆ ಕಟ್ಟೆಯ ಮೇಲೆ ಇಳಕಲ್ ಸೀರೆ ಉಟ್ಟ ಅಜ್ಜಿ ಕೂತು ನಗುತ್ತಿದ್ದಾಳೆ. ಹಿಂದೆ ಹೊಂಬಣ್ಣದ ಆಕಾಶ. ಮೇಲೆ ದಪ್ಪ ಅಕ್ಷರ: ‘ಬಾಡಿಗಿ ಯಾಕ್ರಿ? ಬರ್ರಿ, ನಿಮ್ಮ ಅಂಗಳಕ್ಕ.’ ಕೆಳಗೆ ಕೆಂಪು ಪಟ್ಟಿಯ ಮೇಲೆ ಹಳದಿಯಲ್ಲಿ ಫೋನ್ ನಂಬರು.

ಈ ಚಿತ್ರದಲ್ಲಿ ಎಲ್ಲ ಇದೆ, ಮಾರುವ ಮಾಲು ಒಂದನ್ನು ಬಿಟ್ಟು. ಅವರು ಮಾರುತ್ತಿರುವುದು ಖಾಲಿ ಪ್ಲಾಟು. ಮನೆ ಅಲ್ಲ, ಹುಲ್ಲು ಅಲ್ಲ, ಅಜ್ಜಿಯಂತೂ ಅಲ್ಲವೇ ಅಲ್ಲ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟ ನೆಲದ ಫೋಟೋ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಹತ್ತು ವರ್ಷದ ನಂತರದ ಒಂದು ಸಂಜೆಯನ್ನು ತೋರಿಸುತ್ತಾರೆ.

ಬಣ್ಣದಿಂದ ಶುರು ಮಾಡೋಣ. ಬೇಸಿಗೆಯಲ್ಲಿ ಈ ರಸ್ತೆಯ ಆಚೀಚೆ ಏನಿರುತ್ತದೆ? ಧೂಳು, ಕಾಂಕ್ರೀಟು, ಬಿರುಕು ಬಿಟ್ಟ ಎರೆಹೊಲ. ಅದರ ನಡುವೆ ಇಷ್ಟಗಲ ಹಸಿರು ಕಂಡರೆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆ ಹಸಿರೂ ಸುಮ್ನೆ ಬಂದದ್ದಲ್ಲ. ಹುಲ್ಲಿಗೆ ಸ್ವಲ್ಪ ಹಳದಿ ಜಾಸ್ತಿ ಕೊಟ್ಟರೆ ಅದು ಎಳೆಯದಾಗಿ, ಈಗ ತಾನೇ ಮಳೆ ಬಂದು ಹೋದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ನಾವೂ ಹಾಗೇ ಮಾಡುತ್ತಿದ್ದೆವು. ಮೂಲೆಯಲ್ಲಿ ‘ಮಲೆನಾಡಿನ ತಂಪು’ ಅಂತ ಬೇರೆ ಬರೆದಿದ್ದಾರೆ. ಧಾರವಾಡವನ್ನು ಮಲೆನಾಡಿನ ಸೆರಗು ಅನ್ನುವುದು ನಿಜ. ಆದರೆ ಬೋರ್ಡು ನಿಂತಿರುವುದು ಎರೆಮಣ್ಣಿನ ಮೇಲೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಸೀಳುವ ಮಣ್ಣು ಅದು. ಅಲ್ಲಿ ಮನೆ ಕಟ್ಟುವವರಿಗೆ ಪಾಯಕ್ಕೇ ಜಾಸ್ತಿ ದುಡ್ಡು ಹೋಗುತ್ತದೆ. ಫೋಟೋದ ಹುಲ್ಲು ಮುಚ್ಚಿಟ್ಟಿರುವುದು ಇದನ್ನೇ.

ಹೊಂಬಣ್ಣದ ಆಕಾಶ ಇನ್ನೂ ಜಾಣತನದ್ದು. ಸಂಜೆ ಕೆಲಸ ಮುಗಿಸಿ, ಸೋತು, ಬಸ್ಸಿನಲ್ಲಿ ನಿಂತು ಬರುವವರು ಈ ಬೋರ್ಡ್ ನೋಡುತ್ತಾರೆ. ಅವರಿಗೂ ಸಂಜೆ, ಚಿತ್ರದಲ್ಲೂ ಸಂಜೆ. ಆದರೆ ಚಿತ್ರದ ಅಪ್ಪ ಆಗಲೇ ಮನೆ ಮುಟ್ಟಿ, ಬರಿಗಾಲಲ್ಲಿ ಹುಲ್ಲಿನ ಮೇಲಿದ್ದಾನೆ. ‘ನೀನಿನ್ನೂ ಬಸ್ಸಿನಲ್ಲೇ ಇದ್ದೀಯಲ್ಲ’ ಅಂತ ಮೆಲ್ಲಗೆ ಚುಚ್ಚಿದ ಹಾಗೆ.

ಈಗ ನೆರಳು ನೋಡಿ. ಓಡುತ್ತಿರುವ ನಾಲ್ವರ ನೆರಳು ಬಲಕ್ಕೆ ಬಿದ್ದಿದೆ. ಅಜ್ಜಿಯ ನೆರಳು ಎಡಕ್ಕೆ! ಅಂದರೆ ಈ ಅಂಗಳಕ್ಕೆ ಎರಡು ಸೂರ್ಯ. ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಸೀರೆಯ ಅಂಚು ಕತ್ತರಿಸಿದ ಹಾಗೆ ಚೂಪಾಗಿದೆ, ಕೂದಲ ಸುತ್ತ ತೆಳ್ಳಗೆ ಬಿಳಿ ಗೆರೆ ಉಳಿದಿದೆ. ಓಡುವ ಕುಟುಂಬದ್ದು, ಇಂಟರ್ನೆಟ್ಟಿನಿಂದ ದುಡ್ಡು ಕೊಟ್ಟು ಇಳಿಸಿಕೊಂಡ ಸ್ಟಾಕ್ ಫೋಟೋ ಇರಬೇಕು. ಅಂಥದೇ ನಾಲ್ವರನ್ನು ನಾನೂ ಒಂದು ಸಲ ವಿಮೆಗೆ, ಇನ್ನೊಂದು ಸಲ ಅಡುಗೆ ಎಣ್ಣೆಗೆ ಅಂಟಿಸಿದ್ದೆ. ಅಜ್ಜಿಯನ್ನು ಬೇರೆ ಕಡೆಯಿಂದ ತಂದು ಕೂಡಿಸಿದ್ದಾರೆ.

ಯಾಕೆ ಇಷ್ಟು ಕಷ್ಟಪಟ್ಟರು? ಅಜ್ಜಿ ಇಲ್ಲದಿದ್ದರೆ ಆ ನಾಲ್ವರು ಯಾವ ಊರಿನವರೂ ಆಗಬಹುದಿತ್ತು. ಕೆಂಪು ಸೆರಗಿನ ಇಳಕಲ್ ಸೀರೆ ಬಂದ ಕೂಡಲೇ ಅದು ನಮ್ಮ ಮನೆ ಆಯಿತು. ಊರಲ್ಲಿ ಬಿಟ್ಟು ಬಂದ ಅವ್ವನ ನೆನಪಾಯಿತು. ಬಾಡಿಗೆಯ ಎರಡು ಕೋಣೆಯಲ್ಲಿ ಅವಳನ್ನು ಎಲ್ಲಿ ಇಟ್ಟುಕೊಳ್ಳುವುದು ಅನ್ನುವ ಚಿಂತೆ ಇದೆಯಲ್ಲ, ಬೋರ್ಡು ಕೈ ಹಾಕುವುದು ಅಲ್ಲಿಗೇ. ಮನೆ ಮಾಲೀಕರ ಕಾಟವಿಲ್ಲ, ಅವ್ವ ಕಟ್ಟೆಯ ಮೇಲೆ, ಮಕ್ಕಳು ಅಂಗಳದಲ್ಲಿ. ಅದು ಕೊಡುತ್ತೇನೆ ಅನ್ನುವುದು ಈ ನಿರಾಳ. ಅದಕ್ಕೆ ಚದರಡಿ ಲೆಕ್ಕ ಯಾರು ಹಾಕುತ್ತಾರೆ?

ಭಾಷೆಯ ಆಟವೂ ಇದೆ. ‘ಬರ್ರಿ’ ಅಂತ ಕರೆಯುವಾಗ ನಮ್ಮ ಮಾತು, ಮದುವೆಗೆ ಕರೆದ ಹಾಗೆ. ತಳದ ಷರತ್ತುಗಳು ಮಾತ್ರ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನ ಹಾಗೆ. ಬಸ್ಸು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 14 ಮೀಟರ್ ಸರಿಯುತ್ತದೆ. ಎಪ್ಪತ್ತು ಮೀಟರ್ ದೂರದಿಂದ ಬೋರ್ಡ್ ಕಂಡರೂ ಓದಲು ಸಿಗುವುದು ಐದೇ ಸೆಕೆಂಡು. ಅಷ್ಟರಲ್ಲಿ ಹಸಿರು, ಅಜ್ಜಿ, ‘ಬರ್ರಿ’, ಫೋನ್ ನಂಬರು. ಬೇರೇನೂ ತಲೆಗೆ ಇಳಿಯುವುದಿಲ್ಲ. ಚಿಕ್ಕ ಮಗಳು ಬೆರಳು ಮಾಡಿ ಕೆಳಗೆ ತೋರಿಸುತ್ತಿದ್ದಾಳೆ ನೋಡಿ. ಅವಳು ತೋರಿಸುವ ಕಡೆಗೇ ನಮ್ಮ ಕಣ್ಣು ಹೋಗುತ್ತದೆ. ಅಲ್ಲಿರುವುದು ಚಿಟ್ಟೆಯಲ್ಲ, ನಂಬರು.

‘ಚದರಡಿಗೆ ಬರೀ ₹1,499*’ ಅಂತಿದೆ. ನಮ್ಮ ತಲೆ ಹದಿನಾಲ್ಕು ನೂರರ ಹತ್ತಿರವೇ ನಿಲ್ಲುತ್ತದೆ, ಹದಿನೈದಕ್ಕೆ ಹೋಗುವುದಿಲ್ಲ. ಮೂವತ್ತು ನಲವತ್ತರ ಪ್ಲಾಟು ಅಂದರೆ 1,200 ಚದರಡಿ. ಗುಣಿಸಿದರೆ ₹17,98,800. ಈ ಅಂಕಿ ಬೋರ್ಡಿನಲ್ಲಿ ಎಲ್ಲೂ ಇಲ್ಲ. ಆ ನಕ್ಷತ್ರದ ಗುರುತು ಹಿಡಿದು ಕೆಳಗೆ ಹೋದರೆ ಮೂಲೆ ಪ್ಲಾಟಿಗೆ ಬೇರೆ ದರ, ನೋಂದಣಿ ಖರ್ಚು ಬೇರೆ.

‘ಬಿಆರ್‌ಟಿಎಸ್ ನಿಲ್ದಾಣದಿಂದ 10 ನಿಮಿಷ.’ ಅಂದರೆ ಚಿಗರಿ ಬಸ್ಸಿನ ನಿಲ್ದಾಣದಿಂದ. ನಡೆದಾ, ಬೈಕಿನಲ್ಲಾ, ರಾತ್ರಿ ಹನ್ನೆರಡಕ್ಕಾ? ಕಿಲೋಮೀಟರ್ ಬರೆದಿದ್ದರೆ ಯಾರು ಬೇಕಾದರೂ ಅಳೆದು ನೋಡಬಹುದಿತ್ತು.

ನನಗೆ ನಗು ಬಂದಿದ್ದು ಕೆಂಪು ಪಟ್ಟಿ ನೋಡಿ. ನಂಬರಿನ ಪಕ್ಕದಲ್ಲೇ ‘ಕೆಲವೇ ಪ್ಲಾಟ್ ಬಾಕಿ, ತಡ ಮಾಡಬೇಡ್ರಿ’ ಅಂತಿದೆ. ಅವಸರಕ್ಕೆ ಕೆಂಪು ಸರಿಯಾದ ಬಣ್ಣವೇ. ಆದರೆ ಅಗ್ಗದ ಇಂಕಿನಲ್ಲಿ ಕೆಂಪು ಬಿಸಿಲಿಗೆ ಬೇಗ ಸೋಲುತ್ತದೆ. ಪಟ್ಟಿ ಆಗಲೇ ಗುಲಾಬಿಗೆ ತಿರುಗಿದೆ. ಕೆಲವೇ ಪ್ಲಾಟು ಮಾತ್ರ ಇನ್ನೂ ಬಾಕಿ ಇವೆ!

ನ್ಯಾಯವಾಗಿ ಹೇಳಬೇಕಾದದ್ದು ಒಂದಿದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ನೋಂದಣಿ ಆಗಬೇಕಾದ ಲೇಔಟಿನ ಜಾಹೀರಾತಿನಲ್ಲಿ ನೋಂದಣಿ ನಂಬರು ಇರಲೇಬೇಕು. ಇದರಲ್ಲಿ ಇದೆ. ಆದರೆ ಎಳೆ ಹಸಿರಿನ ಮೇಲೆ ಬಿಳಿ ಅಕ್ಷರದಲ್ಲಿ, ಹುಲ್ಲಿನೊಳಗೆ ಮುಳುಗಿದೆ. ಕಾಣಬೇಕಾದ್ದಕ್ಕೆ ಕೆಂಪು ಮೇಲೆ ಹಳದಿ ಹಾಕಲು ಗೊತ್ತಿದ್ದ ಡಿಸೈನರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ. ಕಷ್ಟಪಟ್ಟು ಆ ನಂಬರು ಓದಿ, rera.karnataka.gov.in ನಲ್ಲಿ ಹಾಕಿದರೆ ಲೇಔಟಿನ ನಕ್ಷೆ, ಮಂಜೂರಾತಿ ಕಾಗದ ಸಿಗುತ್ತವೆ. ಅಜ್ಜಿ ಸಿಗುವುದಿಲ್ಲ.

ಮನೆಗೆ ಬಂದು ಫೋಟೋವನ್ನು ಹೆಂಡತಿಗೆ ತೋರಿಸಿದೆ. ಎರಡು ಸೂರ್ಯ ತೋರಿಸಿದೆ, ಮಗಳ ಬೆರಳು ತೋರಿಸಿದೆ, ಲೆಕ್ಕ ಹಾಕಿ ತೋರಿಸಿದೆ. ಎಲ್ಲ ಕೇಳಿಸಿಕೊಂಡಳು.

‘ನೀವು ಹೇಳೂದು ಖರೇ ಐತ್ರಿ’ ಅಂದಳು. ‘ಆದ್ರ ಆ ಕಟ್ಟಿ ಚಂದ ಐತಿ, ಅಲ್ರೀ?’

ನಾನೂ ಅಷ್ಟು ಹೊತ್ತು ಕಟ್ಟೆಯನ್ನೇ ನೋಡುತ್ತಿದ್ದೆ.