ಹೊಸ ನಲ್ಲಿ ಬುಸ್ ಅಂದರೆ: ಮನೆಯವರ ಪ್ರಶ್ನೆ, ಪ್ಲಂಬರ್ ಉತ್ತರ

ನಲ್ಲಿ ಹಾಕಿ ಮನೆಗೆ ಬರುವಷ್ಟರಲ್ಲಿ ಫೋನ್ ಬಂದಿರುತ್ತದೆ. ಹೆಚ್ಚಿನವರು ಕೇಳುವುದು ಇವೇ ಪ್ರಶ್ನೆಗಳು.

ಅಡುಗೆಮನೆಗೆ ಹೊಸ ನಲ್ಲಿ ಹಾಕಿಸಿದೆವು. ತಿರುಗಿಸಿದ ಕೂಡಲೇ ಬುಸ್ ಅಂತ ಗಾಳಿ, ಆಮೇಲೆ ಚಟಪಟ ಅಂತ ನೀರು ಸಿಡಿಯಿತು. ನಲ್ಲಿ ಕೆಟ್ಟದ್ದಾ?

ಇಲ್ಲಮ್ಮ, ನಲ್ಲಿಯದೇನೂ ತಪ್ಪಿಲ್ಲ. ಹಳೆಯದನ್ನು ಬಿಚ್ಚುವ ಮೊದಲು ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ ಪೈಪಿನ ನೀರನ್ನೆಲ್ಲ ಇಳಿಸಿರುತ್ತೇವೆ. ನೀರು ಬಿಟ್ಟುಹೋದ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಮುಕ್ಕಾಲು ಇಂಚಿನ ಪೈಪ್ 10 ಮೀಟರ್ ಖಾಲಿಯಾದರೆ ಒಳಗೆ ಸುಮಾರು 3 ಲೀಟರ್ ಗಾಳಿ. ವಾಲ್ವ್ ತೆರೆದಾಗ ನೀರು ಆ ಗಾಳಿಯನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ಅದಕ್ಕೆ ಹೊರಗೆ ಹೋಗಲು ಬೇರೆ ದಾರಿ ಇಲ್ಲ.

ಆ ಗಾಳಿ ಒಂದೇ ಗುಟುಕಾಗಿ ಬರುವುದಿಲ್ಲ. ಸ್ವಲ್ಪ ಗಾಳಿ, ಸ್ವಲ್ಪ ನೀರು, ಮತ್ತೆ ಗಾಳಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ಗಾಳಿ ಸರಕ್ಕನೆ ಜಾರಿಹೋಗುತ್ತದೆ, ಅದರ ಬೆನ್ನಿಗೆ ಓಡಿಬಂದ ನೀರು ನಲ್ಲಿಯ ಸಣ್ಣ ಬಾಯಿಗೆ ಬಂದು ಗುದ್ದುತ್ತದೆ. ನಲ್ಲಿ ನಡುಗುವುದು, ಸೀರೆ ಒದ್ದೆಯಾಗುವುದು ಅದಕ್ಕೇ.

ಬಿಳಿ ಹೊಗೆ ಬಂದ ಹಾಗೆ ಕಂಡಿತಲ್ಲ?

ಅದು ಹೊಗೆಯಲ್ಲ, ನೀರಿನ ಪುಡಿ. ನಲ್ಲಿಯ ತುದಿಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಗಾಳಿ ನೀರು ಎರಡೂ ಒಟ್ಟಿಗೆ ರಭಸದಿಂದ ಅದರಲ್ಲಿ ನುಗ್ಗಿದಾಗ ನೀರು ಸಣ್ಣಸಣ್ಣ ಹನಿಗಳಾಗಿ ಒಡೆದು ಮಂಜಿನಂತೆ ಚದುರುತ್ತದೆ. ಜೋಗದಲ್ಲಿ ಬಣ್ಣವಿಲ್ಲದ ನೀರು ಬೀಳುತ್ತಾ ಹಾಲಿನಂತೆ ಕಾಣುವುದಿಲ್ಲವೇ? ಇಲ್ಲೂ ಅದೇ: ಹನಿಹನಿಯ ಮೇಲೂ ಬೆಳಕು ಎಲ್ಲ ದಿಕ್ಕಿಗೂ ಚದುರಿ ಬೆಳ್ಳಗೆ ತೋರುತ್ತದೆ.

ಲೋಟಕ್ಕೆ ಹಿಡಿದರೂ ನೀರು ಬೆಳ್ಳಗೇ ಇದೆ. ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದ್ದಾರಾ?

ಕ್ಲೋರಿನ್ ಜಾಸ್ತಿಯಾದರೆ ವಾಸನೆಯಲ್ಲಿ ಗೊತ್ತಾಗುತ್ತದೆ, ನೀರು ಹಾಲಾಗುವುದಿಲ್ಲ. ಗಾಜಿನ ಲೋಟಕ್ಕೆ ನೀರು ಹಿಡಿದು ಕಟ್ಟೆಯ ಮೇಲಿಟ್ಟು ಒಂದೆರಡು ನಿಮಿಷ ನೋಡಿ. ತಳದಿಂದ ತಿಳಿಯಾಗುತ್ತಾ ಬಂದರೆ ಗಾಳಿಯ ಗುಳ್ಳೆ. ಗುಳ್ಳೆ ಮೇಲಕ್ಕೆ ಏರುತ್ತದಲ್ಲ. ಮೇಲಿನಿಂದ ತಿಳಿಯಾಗಿ ತಳದಲ್ಲಿ ಬಿಳಿ ಪುಡಿ ಕೂತರೆ ಸುಣ್ಣದಂಥ ಗಸಿ. ಎಷ್ಟು ಹೊತ್ತಾದರೂ ತಿಳಿಯಾಗದಿದ್ದರೆ ಆ ನೀರನ್ನು ಕುಡಿಯಬೇಡಿ, ಪರೀಕ್ಷೆ ಮಾಡಿಸಿ.

ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಈ ಬಿಳುಪು ಹೆಚ್ಚು. ಒತ್ತಡದಲ್ಲಿ ಗಾಳಿ ನೀರಿನೊಳಗೆ ಕರಗಿರುತ್ತದೆ, ನಲ್ಲಿಯಿಂದ ಹೊರಬಿದ್ದಾಗ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯೇಳುತ್ತದೆ. ಕುಡಿದರೆ ಅದರಿಂದ ತೊಂದರೆಯಿಲ್ಲ.

ಹಾಗಾದರೆ ಮೊದಲ ಸಲ ತೆರೆಯುವುದು ಹೇಗೆ?

ಈ ಕೆಲಸವನ್ನು ಪ್ಲಂಬರ್ ನಿಮ್ಮೆದುರೇ ಮಾಡಿ ತೋರಿಸಬೇಕು. ಮಾಡದೆ ಹೊರಡುವವನನ್ನು ನಿಲ್ಲಿಸಿ ಕೇಳಿ. ಮೊದಲು ಜಾಲರಿ ಬಿಚ್ಚಿಡಬೇಕು. ನಲ್ಲಿಯನ್ನು ಅರ್ಧ ತೆರೆದು, ಆಮೇಲೆ ಗೇಟ್ ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು. ಒಂದೇ ಸಲ ಪೂರ್ತಿ ತೆರೆದರೆ ನೀರಿನ ಗುದ್ದಿಗೆ ಹೊಸ ಜಾಯಿಂಟ್ ಸಡಿಲವಾಗಬಹುದು. ಗಾಳಿಯ ಸದ್ದು ನಿಂತು ಧಾರೆ ಒಂದೇ ಸಮ ಬಂದ ಮೇಲೂ ಎರಡು ಮೂರು ನಿಮಿಷ ಬಕೆಟ್ಟಿಗೆ ಬಿಡಿ. ಪೈಪ್ ಕೊಯ್ದ ಪುಡಿ, ಟೆಫ್ಲಾನ್ ಟೇಪಿನ ಚೂರು, ಮರಳು ಎಲ್ಲ ಬರುತ್ತವೆ. ಜಾಲರಿ ಹಾಗೇ ಇದ್ದರೆ ಇವೆಲ್ಲ ಅಲ್ಲೇ ಸಿಕ್ಕಿಕೊಂಡು, ಮರುದಿನ "ನೀರು ಸಣ್ಣಗೆ ಬರ್ತಿದೆ" ಅಂತ ಮತ್ತೆ ಫೋನ್. ಆ ಬಕೆಟ್ ನೀರು ಅಡುಗೆಗೆ ಬೇಡ. ನೆಲ ಒರೆಸಲು ಬಳಸಿ, ಚೆಲ್ಲಬೇಡಿ.

ಗೀಸರ್ ಕಡೆಯ ನಲ್ಲಿಯೂ ಹೀಗೇ ಮಾಡಿತು. ಸ್ವಿಚ್ ಹಾಕಬಹುದಾ?

ಹಾಕಲೇಬೇಡಿ. ಗೀಸರ್ ಒಳಗೆ ಗಾಳಿ ಇದ್ದರೆ ಕಾಯಿಲ್ ನೀರಿಲ್ಲದೆ ಕಾದು ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಿಂದ ತಣ್ಣೀರೇ ಗಾಳಿಯಿಲ್ಲದೆ ತುಂಬು ಧಾರೆಯಾಗಿ ಬರುವವರೆಗೆ ಬಿಟ್ಟು, ಆಮೇಲೆ ಸ್ವಿಚ್ ಹಾಕಿ.

ವಾರವಾಯಿತು, ಬೆಳಿಗ್ಗೆ ಬೆಳಿಗ್ಗೆ ಇನ್ನೂ ಬುಸ್ ಅನ್ನುತ್ತಿದೆ.

ಒಂದು ದಿನದ ಮೇಲೂ ಮುಂದುವರಿದರೆ ಅದು ನಲ್ಲಿ ಹಾಕಿದಾಗ ಸೇರಿದ ಗಾಳಿಯಲ್ಲ, ಹೊಸದಾಗಿ ಬರುತ್ತಿರುವುದು. ಮೊದಲು ಮೇಲೆ ಹತ್ತಿ ಟ್ಯಾಂಕ್ ನೋಡಿ: ರಾತ್ರಿ ನೀರು ಪೈಪಿನ ಬಾಯಿಯವರೆಗೆ ಇಳಿದರೆ ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ತುಂಬಿಯೇ ಇದ್ದರೆ ಪಂಪಿನ ಹೀರುವ ಕಡೆಯ ಜಾಯಿಂಟ್ ನೋಡಬೇಕು. ಅಲ್ಲಿ ಸಣ್ಣ ಬಿರುಕಿದ್ದರೆ ನೀರು ಹೊರಗೆ ಸೋರದೆಯೇ ಗಾಳಿ ಒಳಗೆ ಸೇರಬಹುದು, ಕಣ್ಣಿಗೆ ಬೀಳುವುದಿಲ್ಲ. ನೇರ ಬೀದಿ ಪೈಪಿನಿಂದ ನೀರು ಹಿಡಿಯುವವರಿಗೆ, ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಾದರೆ, ಪ್ರತಿ ಸಲವೂ ಮೊದಲು ಗಾಳಿಯೇ ಬರುತ್ತದೆ. ಅದಕ್ಕೆ ನಲ್ಲಿ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.