ಅಪ್ಪನಿಗೆ ಒಂದು ಪತ್ರ

ಪ್ರೀತಿಯ ಅಪ್ಪಾ,

ಎದುರು ಕೂತು ಹೇಳಬೇಕೆಂದು ಎರಡು ಸಲ ನಿಮ್ಮ ರೂಮಿನ ಬಾಗಿಲವರೆಗೆ ಬಂದೆ. ನಿಮ್ಮ ಮುಖ ನೋಡಿದರೆ ಅಳು ಬಂದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಆ ಹುಡುಗನ ಮನೆಯವರು ನನ್ನನ್ನು ನೋಡಲು ಬಂದು ಹೋದ ಮೇಲೆ ನೀವು ಕೇಳಿದಿರಿ, "ಯಾರನ್ನಾದರೂ ಇಷ್ಟಪಟ್ಟಿದ್ದೀಯಾ?" ಇಲ್ಲ ಅಂದೆ. ಅದು ನಿಜ ಅಪ್ಪಾ. ಸದ್ಯಕ್ಕೆ ಯಾರೂ ಇಲ್ಲ. ಯಾರೂ ಇಲ್ಲದಿರುವಾಗಲೇ ಈ ಮಾತು ಆಡಿಬಿಡಬೇಕು ಅನ್ನಿಸಿತು. ನಾಳೆ ಒಬ್ಬನ ಹೆಸರು ಹೇಳಿಕೊಂಡು ಬಂದರೆ ಮಾತೆಲ್ಲ ಅವನ ಸುತ್ತಲೇ ತಿರುಗುತ್ತದೆ. ಅವನ ಕೆಲಸ, ಅವನ ಮನೆತನ. ನನಗೇನು ಬೇಕು ಅನ್ನೋದನ್ನು ಯಾರೂ ಕೇಳುವುದಿಲ್ಲ. ನನ್ನ ಜೊತೆಗಾರನನ್ನು ನಾನೇ ಆರಿಸಿಕೊಳ್ಳಬೇಕು ಅಂತ ನನಗೆ ಆಸೆ.

ಆ ಹುಡುಗನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆವು. ಓದು, ಕೆಲಸ, ಸಂಬಳ. ಅವೆಲ್ಲ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಿದ್ದದ್ದು ಬೇರೆ. ಸಿಟ್ಟು ಬಂದಾಗ ಅವರು ಏನು ಮಾಡುತ್ತಾರೆ? ತಪ್ಪು ತಮ್ಮದೇ ಆದಾಗ ಒಪ್ಪಿಕೊಳ್ಳುತ್ತಾರಾ? ನನ್ನ ಸಂಬಳ ಅವರಿಗಿಂತ ಜಾಸ್ತಿಯಾದರೆ ಖುಷಿಪಡುತ್ತಾರಾ? ಕೇಳಿದರೆ ಯಾರಾದರೂ ಒಳ್ಳೆಯ ಉತ್ತರವನ್ನೇ ಕೊಡುತ್ತಾರೆ, ಅಲ್ವಾ? ಜೊತೆಗೆ ಓಡಾಡಿ, ಜಗಳವಾಡಿ, ತಿಂಗಳುಗಟ್ಟಲೆ ನೋಡಿದರೇನೇ ತಿಳಿಯೋದು.

ಅಮ್ಮನ ಕೈಗೆ ಆಪರೇಷನ್ ಆದಾಗ ಆರು ವಾರ ನೀವೇ ಅವಳ ತಲೆ ಬಾಚಿದಿರಿ. ನಿಮಗೆ ಜಡೆ ಹಾಕಲು ಬರುತ್ತಿರಲಿಲ್ಲ, ದಿನಾ ಸೊಟ್ಟ. ಅಮ್ಮ ನನ್ನ ಕೈಲಿ ಸರಿ ಮಾಡಿಸಿಕೊಳ್ಳದೆ ಸಂಜೆವರೆಗೂ ಹಾಗೇ ಇರುತ್ತಿದ್ದಳು. ನನಗೆ ಬೇಕಾದದ್ದು ಅಂಥದ್ದು ಅಪ್ಪಾ. ಅದನ್ನು ಯಾರೂ ಬಯೋಡೇಟಾದಲ್ಲಿ ಬರೆಯೋದಿಲ್ಲ.

ನಮ್ಮದೂ ಹಿರಿಯರು ನೋಡಿ ಮಾಡಿದ ಮದುವೆಯೇ ಅಂತೀರಿ. ಹೌದು. ಆದರೆ ಅಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ್ದಳು, ಮೊದಲ ವರ್ಷವೆಲ್ಲ ಹೆದರಿಕೆಯಲ್ಲೇ ಕಳೆಯಿತು, ಇವರು ಒಳ್ಳೆಯವರಾಗಿದ್ದದ್ದು ನನ್ನ ಅದೃಷ್ಟ ಅಂತ. ಬರೀ ಅದೃಷ್ಟ ನಂಬಿಕೊಂಡು ಹೋಗಲು ನನಗೆ ಧೈರ್ಯ ಸಾಲದು.

ನಾನು ಮೋಸ ಹೋಗಬಹುದು ಅನ್ನೋ ಭಯ ನಿಮಗಿದೆ. ನನಗೂ ಇದೆ. ಅದಕ್ಕೇ ಯಾರಾದರೂ ಇಷ್ಟವಾದರೆ ಮೊದಲು ನಿಮಗೇ ಹೇಳುತ್ತೇನೆ, ಮನೆಗೆ ಕರೆದುಕೊಂಡು ಬರುತ್ತೇನೆ. ಎಷ್ಟು ಬೇಕಾದರೂ ಪ್ರಶ್ನೆ ಕೇಳಿ. ಹಿಡಿಸದಿದ್ದರೆ ಯಾಕೆ ಅಂತ ಹೇಳಿ, ಕೂತು ಕೇಳಿಸಿಕೊಳ್ಳುತ್ತೇನೆ. ನನಗೆ ಕಾಣದ್ದು ನಿಮಗೆ ಕಂಡೀತು. ಕೊನೆಯ ಮಾತು ಮಾತ್ರ ನನ್ನದಿರಲಿ. ಇನ್ನೊಂದು ವಿಷಯ. ನೀವು ನೋಡಿ ಮಾಡಿದ್ದು ಕೆಟ್ಟರೆ ಜೀವನವಿಡೀ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನಿಮ್ಮನ್ನು ಹಾಗೆ ನೋಡಲು ನನ್ನಿಂದಾಗದು.

ಮುಂದಿನ ವಾರ ನನ್ನನ್ನು ನೋಡಲು ಬರುವವರಿಗೆ ಬೇಡ ಅಂತ ಈಗಲೇ ತಿಳಿಸಿಬಿಡಿ ಅಪ್ಪಾ. ಅವರನ್ನೂ ಸುಮ್ನೆ ಕಾಯಿಸೋದು ಬೇಡ. ನಾಳೆ ಬೆಳಿಗ್ಗೆ ನೀವು ವಾಕಿಂಗ್ ಹೊರಡುವಾಗ ನಾನೂ ಬರುತ್ತೇನೆ. ಸಿಟ್ಟಿದ್ದರೆ ದಾರಿಯಲ್ಲಿ ಬೈಯಿರಿ. ಬಿಟ್ಟು ಮಾತ್ರ ಹೋಗಬೇಡಿ.

ನಿಮ್ಮ
ಪುಟ್ಟಿ